ಲೇಥ್ ಮುಂದಿನ ಕೈ

ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿರುತ್ತದೆ. ಎದುರಿಗೆ ಯಾರು ನಿಂತರೂ ಅವರನ್ನು ಒಂಚೂರು ತಿದ್ದಬೇಕು ಅನ್ನಿಸುತ್ತದೆ. ಗದ್ದ ಎತ್ತು, ಸೆರಗು ಸರಿಮಾಡಿಕೋ, ಹಲ್ಲು ಮುಚ್ಚು, ಆ ಕಡೆ ತಿರುಗು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಮದುಮಗಳ ಮೊಡವೆ ಅಳಿಸು, ಬೀಗರ ಬೋಳುತಲೆಯ ಹೊಳಪು ತಗ್ಗಿಸು. ಕೊಟ್ಟೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಇಪ್ಪತ್ತು ವರ್ಷ ಇದನ್ನೇ ಮಾಡಿದ್ದೇನೆ. ನನ್ನ ಕೈಗೆ ಸಿಕ್ಕವರು ಯಾರೂ ಇದ್ದ ಹಾಗೆ ಆಚೆ ಹೋಗಿಲ್ಲ. ಆ ಹೆಮ್ಮೆ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಕಾರ್ಖಾನೆಯ ಕೆಲಸ ಬಂದಾಗಲೂ ಅದೇ ಹೆಮ್ಮೆಯಲ್ಲೇ ಒಪ್ಪಿಕೊಂಡೆ. ಹರಪನಹಳ್ಳಿ ರಸ್ತೆಯಲ್ಲಿ, ಊರು ದಾಟಿದ ಮೇಲೆ, ತಗಡಿನ ಮೇಲ್ಛಾವಣಿಯ ದೊಡ್ಡ ಶೆಡ್ಡು. ಮೆಕ್ಕೆಜೋಳದ ತೆನೆ ಬಿಡಿಸುವ ಮಷಿನ್ನು, ಶೇಂಗಾ ಒಡೆಯುವ ಮಷಿನ್ನು ಅಲ್ಲಿ ತಯಾರಾಗುತ್ತವೆ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಊರಿನ ಕಣದಲ್ಲಿ ನೋಡಿದರೂ ಅವರ ನೀಲಿ ಬಣ್ಣದ ಮಷಿನ್ನು ಒಂದಾದರೂ ಇರುತ್ತದೆ. ಈಗ ದೊಡ್ಡ ನಗರದ ಮಾರಾಟದ ಕಂಪನಿಯೊಂದು ಅವರ ಮಷಿನ್ನುಗಳನ್ನು ತನ್ನ ಕ್ಯಾಟಲಾಗಿನಲ್ಲಿ ಹಾಕಿಕೊಳ್ಳಲು ಮುಂದೆ ಬಂದಿತ್ತು. ಬರೀ ಮಷಿನ್ನಿನ ಫೋಟೋ ಸಾಲದು, ಅದು ತಯಾರಾಗುವ ಜಾಗ ಬೇಕು, ಅಲ್ಲಿ ಕೆಲಸ ಮಾಡುವವರು ಬೇಕು, ಜಾಗ ಶುದ್ಧವಾಗಿರಬೇಕು, ಕೆಲಸಗಾರರು ಸುರಕ್ಷತೆಯ ಸಾಮಾನನ್ನು ಸರಿಯಾಗಿ ತೊಟ್ಟಿರಬೇಕು. ಫೋಟೋ ನೋಡಿ ಅವರು ಒಪ್ಪಿದರೆ ಮಾತ್ರ ಅಚ್ಚು.

"ಅಕ್ಕಾರ, ನಿಮ್ಮ ಕೈಯಾಗ ಐತಿ ನೋಡ್ರಿ ಎಲ್ಲಾ," ಅಂದರು ಕಾರ್ಖಾನೆಯ ಮಾಲೀಕರು. ಹಣೆ ತುಂಬ ವಿಭೂತಿ, ಕಿಸೆಯಲ್ಲಿ ಎರಡು ಫೋನು, ಒಂದು ಕಡೆ ನಿಲ್ಲದ ಮನುಷ್ಯ. "ಮದುವಿ ಫೋಟೋ ಹೆಂಗ ತೆಗೀತೀರಿ, ಹಂಗ ತೆಗೀರಿ. ನೋಡಿದವ್ರು ಕಣ್ಣು ಕೀಳಬಾರ್ದು."

ನಾನು ಬುದ್ಧಿವಂತಳಾಗಿದ್ದರೆ ಆ ಮಾತಿಗೇ ಹೆದರಬೇಕಿತ್ತು.

ಹೇಳಿದ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಶೆಡ್ಡು ಗುರುತೇ ಸಿಗಲಿಲ್ಲ. ನೆಲಕ್ಕೆ ಬೂದು ಬಣ್ಣ ಬಳಿದು, ಓಡಾಡುವ ದಾರಿಗೆ ಹಳದಿ ಗೆರೆ ಎಳೆದಿದ್ದರು. ಎಣ್ಣೆಯ ಕಲೆ, ಕಬ್ಬಿಣದ ಚೂರು ಒಂದೂ ಕಾಣದ ಹಾಗೆ ಎರಡು ದಿನ ಉಜ್ಜಿದ್ದರಂತೆ. ಅಷ್ಟಕ್ಕೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಇಷ್ಟು ತೊಳೆದ ಮೇಲೆ ಸುಮ್ಮನೆ ಬಿಡುವುದು ಹೇಗೆ ಅಂತ, ಆಯುಧ ಪೂಜೆಗೆ ಮಾಡುವ ಹಾಗೆ ಪ್ರತಿ ಮಷಿನ್ನಿಗೂ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಲೇಥಿನ ಚಕ್ಕಿಗೆ ಚೆಂಡುಹೂವಿನ ಸರ ಸುತ್ತಿದ್ದರು. ಲೇಥ್ ಅಂದರೆ ಕಬ್ಬಿಣದ ಸರಳನ್ನು ಗಿರ್ರನೆ ತಿರುಗಿಸುತ್ತಾ ಚೂಪಾದ ಉಳಿಯಿಂದ ಹೆರೆಯುವ ಮಷಿನ್ನು. ಸರಳನ್ನು ಬಾಯಲ್ಲಿ ಕಚ್ಚಿ ಹಿಡಿದು ತಿರುಗಿಸುವ ಭಾಗವೇ ಚಕ್ಕು. ಅಲ್ಲಿಗೆ ಹೂವು!

ಇನ್ನು ಜನ. ಮಾಲೀಕರು ಹಿಂದಿನ ದಿನ ದಾವಣಗೆರೆಯಿಂದ ಒಂದು ದೊಡ್ಡ ಡಬ್ಬದ ತುಂಬ ಸುರಕ್ಷತೆಯ ಸಾಮಾನು ತರಿಸಿ, ಹಬ್ಬಕ್ಕೆ ಬಟ್ಟೆ ಹಂಚಿದ ಹಾಗೆ ಹಂಚಿದ್ದರು. ಪ್ರತಿಯೊಬ್ಬನಿಗೂ ಒಂದು ಹೆಲ್ಮೆಟ್ಟು, ಒಂದು ಕನ್ನಡಕ, ಒಂದು ಜೊತೆ ಹಳದಿ ಕೈಗವಸು, ಹೊಳೆಯುವ ಪಟ್ಟಿಯ ಒಂದು ಕಿತ್ತಳೆ ಜಾಕೀಟು. ಯಾರಿಗೂ ಕಡಿಮೆಯಾಗಬಾರದು, ಯಾರಿಗೂ ಬೇಜಾರಾಗಬಾರದು. ವೆಲ್ಡಿಂಗ್ ಮಾಡುವವನೂ ಅದನ್ನೇ ತೊಟ್ಟಿದ್ದ, ಗ್ರೈಂಡರ್ ಹಿಡಿಯುವವನೂ ಅದನ್ನೇ, ಬಣ್ಣ ಹೊಡೆಯುವವನೂ ಅದನ್ನೇ. ಎಲ್ಲರೂ ಸಾಲಾಗಿ ನಿಂತು ನನ್ನ ಕಡೆ ನೋಡುತ್ತಿದ್ದರು, ಗ್ರೂಪ್ ಫೋಟೋಕ್ಕೆ ಕಾದವರ ಹಾಗೆ. ಕಾಲಲ್ಲಿ ಮಾತ್ರ ಚಪ್ಪಲಿ.

ನನಗೆ ಸುರಕ್ಷತೆಯ ಗಂಧಗಾಳಿ ಗೊತ್ತಿರಲಿಲ್ಲ. ಬಣ್ಣ ಗೊತ್ತಿತ್ತು. ನೀಲಿ ಮಷಿನ್ನು, ಬೂದು ನೆಲ, ಅದರ ಮುಂದೆ ಕಿತ್ತಳೆ ಮತ್ತು ಹಳದಿ. ಕ್ಯಾಮೆರಾದಲ್ಲಿ ಹಣ್ಣಿನ ಅಂಗಡಿಯ ಹಾಗೆ ಕಾಣುತ್ತಿತ್ತು. ಬಹಳ ಖುಷಿಯಾಯಿತು. ಹೂವು ತೆಗೆಸಿದೆ, ವಿಭೂತಿ ಒರೆಸಲು ಹೋದಾಗ ಮಾಲೀಕರು "ಅಷ್ಟು ಇರ್ಲಿ ಬಿಡ್ರಿ" ಅಂದರು, ಅದಕ್ಕೇ ಅರ್ಧ ಗಂಟೆ ಜಗಳವಾಯಿತು.

ಲೇಥಿನ ಹತ್ತಿರ ಇದ್ದವರು ಚಾಚಾ. ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಹರಪನಹಳ್ಳಿಯವರು, ಅರವತ್ತರ ಹತ್ತಿರದ ವಯಸ್ಸು. ಅಂದು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ಹಾಕಿಕೊಂಡು ಬಂದಿದ್ದರು. ಆ ಕಾರ್ಖಾನೆಯ ಒಂದೊಂದು ಮಷಿನ್ನಿನ ಶಾಫ್ಟು, ಅಂದರೆ ಒಳಗಿನ ಎಲ್ಲವನ್ನೂ ತಿರುಗಿಸುವ ದಂಡ, ಅವರ ಕೈಯಿಂದ ಹೆರೆಸಿಕೊಂಡೇ ಹೋಗಬೇಕು. ಅವರ ಬಲಗೈಯಲ್ಲಿ ತೋರುಬೆರಳು, ನಡುಬೆರಳು ಬುಡಕ್ಕೇ ಇರಲಿಲ್ಲ.

"ಬೇಟಿ, ಫೋಟೋದಾಗ ನಾನೂ ಇರ್ತೀನಲ್ಲ?" ಅಂದರು. "ಮೂವತ್ತು ವರ್ಷ ಆತು ಈ ಮಷಿನ್ ಮುಂದ ನಿಂತು. ಒಂದು ಫೋಟೋ ಇಲ್ಲ. ಮುಂದಿನ ವರ್ಷ ಬಿಡ್ತೀನಿ. ಬಿಡೋಕಿಂತ ಮುಂಚೆ ಒಂದು ಇರ್ಲಿ."

ಇರದೆ ಏನು, ನೀವೇ ದೊಡ್ಡ ಫೋಟೋ ಅಂದೆ. ಅಷ್ಟರಲ್ಲಿ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕಾರ, ಆ ಕೈ ಕಾಣಬಾರ್ದು ನೋಡ್ರಿ. ಸುರಕ್ಷತೆ ಅಂತ ಅವ್ರು ಬಾಯಿ ಬಡ್ಕೊಳ್ತಾರ, ನಾವು ಬೆರಳಿಲ್ಲದವನ್ನ ತೋರಿಸಿದ್ರ ಹೆಂಗ? ಇಲ್ಲಿ ಆಗಿದ್ದಲ್ಲ ಅದು, ಭಾಳ ಹಿಂದ ಬ್ಯಾರೆ ಕಡೆ ಆಗಿದ್ದು. ಆದ್ರ ಫೋಟೋಕ್ಕ ಅದನ್ನ ಯಾರು ಹೇಳ್ತಾರ?"

ನನಗೆ ತಕ್ಷಣ ಉಪಾಯ ಹೊಳೆಯಿತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹಳದಿ ಕೈಗವಸು ತೆಗೆದುಕೊಂಡು, ಅದರ ಎರಡು ಬೆರಳಿನೊಳಗೆ ಮಷಿನ್ ಒರೆಸುವ ಹತ್ತಿಯ ವೇಸ್ಟನ್ನು ಕಡ್ಡಿಯಿಂದ ತುರುಕಿ ತುರುಕಿ ತುಂಬಿದೆ. ಸ್ವಲ್ಪ ಬಾಗಿಸಿ ನೋಡಿದೆ. ಥೇಟ್ ಬೆರಳು!

"ಚಾಚಾ, ಇದನ್ನ ಹಾಕ್ಕೊಳ್ರಿ."

ಅವರು ಕೈಗವಸನ್ನು ತಿರುಗಿಸಿ ನೋಡಿದರು. "ಲೇಥ್ ಮುಂದ ಇದು ಬ್ಯಾಡ ಬೇಟಿ. ಇದನ್ನ ಹಾಕಬಾರ್ದು," ಅಂದರು.

"ಎಲ್ಲಾರೂ ಹಾಕ್ಕೊಂಡಾರಲ್ಲ ಚಾಚಾ. ನೀವೊಬ್ರೇ ಬರಿಗೈಲೆ ನಿಂತ್ರ ಫೋಟೋ ಕೆಡ್ತತಿ."

ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಲೈಟಿನ ಸ್ಟ್ಯಾಂಡ್ ಎತ್ತಿಕೊಂಡು ಆ ಕಡೆ ಹೋಗಿದ್ದೆ. ತಿರುಗಿ ನೋಡಿದಾಗ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ ಇಳಿಸಿ ಬರುತ್ತಿದ್ದರು. ಇಳಿಸಿದ ಮೇಲೇ ಕೈಗವಸು ಹಾಕಿಕೊಂಡರು. ಚಕ್ಕು ತಿರುಗುತ್ತಿದ್ದರೆ ಚೆನ್ನ, ಸ್ವಿಚ್ ಹಾಕಿ ಅಂತ ಎರಡು ಸಲ ಕೇಳಿದೆ. ಎರಡು ಸಲವೂ ತಲೆ ಅಲ್ಲಾಡಿಸಿದರು. ವಯಸ್ಸಾದವರ ಹಟ ಅಂದುಕೊಂಡೆ. ನಿಂತ ಮಷಿನ್ನಿನ ಮುಂದೆ, ಹತ್ತಿಯ ಬೆರಳು ಹಿಡಿಯ ಮೇಲಿಟ್ಟು, ಅವರು ಕ್ಯಾಮೆರಾ ನೋಡಿದರು. ನಗಲಿಲ್ಲ. ನಗಿ ಅಂದರೂ ನಗಲಿಲ್ಲ.

ಸಂಜೆಯವರೆಗೆ ಇನ್ನೂರು ಫೋಟೋ ತೆಗೆದೆ. ಜೋಳ ಬಿಡಿಸುವ ಮಷಿನ್ನಿನ ಬದಿಯಲ್ಲಿ ಬೆಲ್ಟು ಓಡುವ ಚಕ್ರ ಕೆಂಪಗೆ ಚಂದ ಕಾಣಲಿ ಅಂತ ಅದರ ಮುಚ್ಚಳವನ್ನೇ ಬಿಚ್ಚಿಸಿದೆ. ಎರಡು ದಿನ ಕೂತು ತಿದ್ದಿದೆ. ನಗರಕ್ಕೆ ಕಳಿಸಿದೆ. ಶಹಬ್ಬಾಸ್ ಅನ್ನುತ್ತಾರೆ ಅಂತ ಕಾದೆ.

ಫೋನು ಬಂತು. ಕಂಪನಿಯಲ್ಲಿ ಸುರಕ್ಷತೆಯ ವಿಚಾರ ನೋಡಿಕೊಳ್ಳುವ ಹೆಣ್ಣುಮಗಳು. ದನಿ ಮೆತ್ತಗೆ, ಮಾತು ಕತ್ತರಿ.

"ಮೇಡಂ, ಇದರಲ್ಲಿ ಒಂದೂ ಬಳಸೋಕೆ ಆಗಲ್ಲ."

"ಒಂದೂ?"

"ಒಂದೂ. ವೆಲ್ಡಿಂಗ್ ಮಾಡುವವರು ಬರೀ ಕನ್ನಡಕ ಹಾಕಿದ್ದಾರೆ, ಮುಖಕ್ಕೆ ಕಪ್ಪು ಗಾಜಿನ ಕವಚ ಎಲ್ಲಿ? ಚರ್ಮದ ಏಪ್ರನ್ ಎಲ್ಲಿ? ಗ್ರೈಂಡರ್‌ನಲ್ಲಿ ಚಕ್ರದ ಗಾರ್ಡೇ ಇಲ್ಲ. ಎಲ್ಲರ ಕಾಲಲ್ಲೂ ಚಪ್ಪಲಿ. ನಿಮ್ಮ ಮುಖ್ಯ ಮಷಿನ್ನಿನಲ್ಲಿ ಬೆಲ್ಟ್ ಬಾಯಿ ತೆಗೆದುಕೊಂಡು ನಿಂತಿದೆ. ಇವೆಲ್ಲ ಇರಲಿ. ಲೇಥ್ ಮುಂದೆ ನಿಂತವರಿಗೆ ಗ್ಲೌಸ್ ಹಾಕಿಸಿದ್ದು ಯಾರು?"

"ಕೈಗೆ ರಕ್ಷಣೆ ಅಂತ…"

"ತಿರುಗುವ ಮಷಿನ್ನಿನ ಮುಂದೆ ಗ್ಲೌಸ್ ಹಾಕಬಾರದು ಮೇಡಂ. ಜೋಲಾಡುವ ಜಾಕೆಟ್ ಹಾಕಬಾರದು. ಒಂದು ದಾರದ ಎಳೆ ಸಿಕ್ಕರೆ ಸಾಕು, ಕೈಯನ್ನೇ ಎಳೆದುಕೊಳ್ಳುತ್ತದೆ. ಆ ಮನುಷ್ಯನಿಗೆ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಆ ಕಾರ್ಖಾನೆಯಲ್ಲಿ ನಮಗೆ ಕೆಲಸವೇ ಇಲ್ಲ."

ಆ ಮನುಷ್ಯನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಆದರೆ ಅದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಹ್ಞೂಂ ಅಂದೆ, ಇಟ್ಟೆ. ಸಿಟ್ಟು ಯಾರ ಮೇಲೆ ಅಂತ ಗೊತ್ತಾಗದೆ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದು ಕೂತಿದ್ದವರೊಬ್ಬರಿಗೆ ಸುಮ್ಮನೆ ರೇಗಿದೆ.

ಎರಡನೆಯ ಸಲ ಹೋಗುವಷ್ಟರಲ್ಲಿ ಆಕೆ ಒಂದು ಪಟ್ಟಿ ಬರೆದು ಕಳಿಸಿದ್ದಳು. ಯಾರಿಗೆ ಏನು ಬೇಕು, ಯಾರಿಗೆ ಏನು ಬೇಡ. ವೆಲ್ಡರಿಗೆ ಚರ್ಮದ ಕೈಗವಸು ಬೇಕೇ ಬೇಕು, ಲೇಥಿನವರಿಗೆ ಬೇಡವೇ ಬೇಡ. ಮಾಲೀಕರು ಗೊಣಗುತ್ತಲೇ ಮತ್ತೆ ಸಾಮಾನು ತರಿಸಿದ್ದರು, ಬೂಟು ತರಿಸಿದ್ದರು. ಆದರೆ ಲೇಥಿನ ಹತ್ತಿರ ಚಾಚಾ ಇರಲಿಲ್ಲ. ಅಲ್ಲಿ ಮಾಲೀಕರ ಅಳಿಯ ನಿಂತಿದ್ದ. ಆಫೀಸಿನಲ್ಲಿ ಬಿಲ್ಲು ಬರೆಯುವ, ಗಡ್ಡ ಚೆನ್ನಾಗಿ ಕತ್ತರಿಸಿಕೊಂಡ, ಹತ್ತು ಬೆರಳಿನ ಅಳಿಯ.

"ಗ್ಲೌಸ್ ಬ್ಯಾಡ ಅಂದ್ರ ಕೈ ಕಾಣ್ತೈತಲ್ಲ ಅಕ್ಕಾರ," ಅಂದರು ಮಾಲೀಕರು. "ಅದಕ್ಕ."

ಚಾಚಾ ಆ ಮೂಲೆಯಲ್ಲಿ ಕಬ್ಬಿಣದ ಸರಳು ಅಳೆಯುತ್ತಾ ಕೂತಿದ್ದರು. ಮತ್ತೆ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ನಾನು ಬಾಯಿ ತೆಗೆಯಬೇಕಿತ್ತು. ತೆಗೆಯಲಿಲ್ಲ. ಕೆಲಸ ಮುಗಿದರೆ ಸಾಕಾಗಿತ್ತು ನನಗೆ. ಅಳಿಯನನ್ನು ನಿಲ್ಲಿಸಿದೆ, ಗದ್ದ ಎತ್ತಿಸಿದೆ, ತೆಗೆದೆ.

ಮಾರನೆಯ ದಿನವೇ ಫೋನು. ಉಳಿದ ಫೋಟೋ ಹೆಚ್ಚು ಕಡಿಮೆ ಸರಿ. ಲೇಥಿನದ್ದು ಇಲ್ಲ. ನಿಂತವನ ಕೈಯಲ್ಲಿ ಕಡಗ ಇದೆ, ಉಂಗುರ ಇದೆ. ತುಂಬುತೋಳಿನ ಅಂಗಿಯ ಗುಂಡಿ ಹಾಕಿಲ್ಲ. ಚಕ್ಕನ್ನು ಬಿಗಿ ಮಾಡುವ ಚಾವಿ ಚಕ್ಕಿನಲ್ಲೇ ಸಿಕ್ಕಿಕೊಂಡಿದೆ, ಆ ಸ್ಥಿತಿಯಲ್ಲಿ ಸ್ವಿಚ್ ಹಾಕಿದರೆ ಅದು ಹಾರಿ ಯಾರ ಹಣೆಗಾದರೂ ಬಡಿಯುತ್ತದೆ. "ಈ ವ್ಯಕ್ತಿ ಲೇಥ್ ಕೆಲಸದವರಲ್ಲ, ಅಲ್ವಾ?" ಅಂದಳು ಆಕೆ. "ನಿಜವಾಗಿ ಕೆಲಸ ಮಾಡುವವರನ್ನು ನಿಲ್ಲಿಸಿ ಮೇಡಂ. ಇನ್ನೊಂದೇ ಸಲ. ಆಮೇಲೆ ಅಚ್ಚಿಗೆ ಹೋಗಿಬಿಡುತ್ತದೆ, ನಿಮ್ಮ ಪುಟ ಬಿಟ್ಟುಹೋಗುತ್ತದೆ."

ಮೂರನೆಯ ಸಲ ನಾನು ಮಾಲೀಕರಿಗೆ ಹೇಳದೆ ನೇರ ಚಾಚಾ ಹತ್ತಿರ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಶೆಡ್ಡಿನ ಹಿಂದೆ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ಮುರಿಯುತ್ತಿದ್ದರು. ಮೂರು ಬೆರಳಿನಲ್ಲಿ ಎಷ್ಟು ನಾಜೂಕಾಗಿ ಮುರಿಯುತ್ತಿದ್ದರು ಅಂದರೆ, ಎರಡು ಇಲ್ಲ ಅನ್ನುವುದು ಮರೆತುಹೋಗುತ್ತಿತ್ತು.

"ಚಾಚಾ, ಅವತ್ತು ನೀವು ಗಟ್ಟಿ ಯಾಕ ಹೇಳಲಿಲ್ಲ ನಂಗ? ಗ್ಲೌಸ್ ಹಾಕಬಾರ್ದು ಅಂತ?"

"ಹೇಳಿದ್ನಲ್ಲ ಬೇಟಿ. ನೀನು ಲೈಟ್ ನೋಡಾಕತ್ತಿದ್ದಿ."

ಅವರು ಒಂದು ರೊಟ್ಟಿ ನನ್ನ ಕಡೆ ಚಾಚಿ, ಬಲಗೈಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಹೇಳಿದರು.

"ಇದು ಹೋಗಿದ್ದು ಹೆಂಗ ಅಂತ ಯಾರೂ ಕೇಳೋದಿಲ್ಲ. ಲೇಥ್ ಕೈ ತಿಂತು ಅಂತಾರ, ಸುಮ್ನಾಗ್ತಾರ. ಮದುವಿ ಆಗಿ ಆರು ತಿಂಗಳಾಗಿತ್ತು ನಂಗ. ಚೂರು ಚುಚ್ತಾವ ಅಂತ ಮನ್ಯಾಗ ಅಕಿ ಬಟ್ಟಿ ಹೊಲ್ದು ಗ್ಲೌಸ್ ಮಾಡಿಕೊಟ್ಟಿದ್ಳು. ಪ್ರೀತಿಲೆ ಕೊಟ್ಟಿದ್ಳು, ಹಾಕ್ಕೊಂಡೆ. ಶಾಫ್ಟ್ ತಿರುಗಾಕತ್ತಿತ್ತು. ಮೊದ್ಲು ಬೆರಳು ಹೋಗಲಿಲ್ಲ ಬೇಟಿ. ಗ್ಲೌಸ್ ಹೋತು. ಬರಿಗೈ ಇದ್ದಿದ್ರ ತರಚಿ ಬಿಡ್ತಿತ್ತು, ಹಿಂದಕ್ಕ ಎಳ್ಕೊಂತಿದ್ದೆ. ಗ್ಲೌಸ್ ಬಿಡಲಿಲ್ಲ, ಬೆರಳನ್ನೂ ಕರ್ಕೊಂಡು ಹೋತು. ಅಕಿ ಇವತ್ತಿಗೂ ಆ ಮಾತು ಬಂದ್ರ ಎದ್ದು ಒಳಗ ಹೋಗ್ತಾಳ."

ನಾನು ಹತ್ತಿ ತುರುಕಿದ ಕೈಗವಸು ಇನ್ನೂ ಅಲ್ಲೇ ಎಲ್ಲೋ ಬಿದ್ದಿರಬೇಕು ಅನ್ನಿಸಿತು. ಅವರ ಮುಖ ನೋಡಲಾಗಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ನನ್ನ ಮೇಲೆ ನನಗೇ ರೋಸಿಹೋಯಿತು. ಆ ಕೈಗೇ ನಾನು ಕೈಗವಸು ಹಾಕಿಸಿದ್ದೆ, ಬಣ್ಣ ಚೆನ್ನಾಗಿ ಕಾಣಲಿ ಅಂತ.

"ಚಾಚಾ, ಇವತ್ತು ನೀವೇ ನಿಲ್ಬೇಕು. ಬರಿಗೈಲೆ."

"ಸಾವ್ಕಾರ್ರು ಬ್ಯಾಡ ಅಂದ್ರ?"

"ನಾ ನೋಡ್ಕೊಂತೀನಿ."

"ಹಂಗಾದ್ರ ಕೈ ಕಾಣೋಹಂಗ ತೆಗಿ," ಅಂದರು. "ಹೊಸಬ್ರು ಬಂದಾಗ ನಾ ಬಾಯಿಲೆ ಏನೂ ಹೇಳೋದಿಲ್ಲ. ಈ ಕೈ ತೋರಿಸ್ತೀನಿ, ಅಷ್ಟ. ಮುಂದಿನ ವರ್ಷ ನಾ ಇರೋದಿಲ್ಲ. ಫೋಟೋನಾದ್ರೂ ಇರ್ತೈತಿ."

ಅಂದು ಮೊದಲ ಬಾರಿಗೆ ಅವರು ಹೇಳಿದಂತೆ ನಾನು ಕೇಳಿದೆ. ಸ್ವಿಚ್ ಹಾಕುವ ಮೊದಲು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿ, ದುಪಟ್ಟಾ ತೆಗೆಸಿದರು, ಜಡೆ ಸುತ್ತಿ ಗಂಟು ಹಾಕಿಸಿದರು, ಕೊರಳಿನ ಕ್ಯಾಮೆರಾ ಪಟ್ಟಿ ಬಿಚ್ಚಿಸಿದರು, ಕನ್ನಡಕ ಕೊಟ್ಟರು. ಹಳದಿ ಗೆರೆಯ ಆಚೆ ಸ್ಟ್ಯಾಂಡ್ ಇಡಿಸಿದರು. ನಾನು ಇಷ್ಟು ವರ್ಷ ಮಂದಿಯನ್ನು ಹೀಗೆ ತಿದ್ದಿ ನಿಲ್ಲಿಸಿದ್ದೆ, ನನ್ನನ್ನು ಯಾರೂ ನಿಲ್ಲಿಸಿರಲಿಲ್ಲ. ಆಮೇಲೆ ತಮ್ಮದು ನೋಡಿಕೊಂಡರು. ಗಡಿಯಾರ ಬಿಚ್ಚಿ ಕಿಸೆಗೆ ಹಾಕಿದರು. ಅರ್ಧ ತೋಳು, ಅಂಗಿಯ ಅಂಚು ಪ್ಯಾಂಟಿನೊಳಗೆ, ಗಟ್ಟಿ ಬೂಟು, ಬದಿಗೂ ಮರೆಯಿರುವ ಕನ್ನಡಕ. ಚಾವಿಯನ್ನು ಚಕ್ಕಿನಿಂದ ಕಿತ್ತು ಅದರ ಜಾಗದಲ್ಲಿ ತೂಗುಹಾಕಿದರು. ಚೂರು ಗುಡಿಸುವ ಬ್ರಶ್ಶು, ಹೆರೆದಾಗ ಏಳುವ ಕಬ್ಬಿಣದ ಸುರುಳಿಯನ್ನು ಎಳೆಯುವ ಕೊಕ್ಕೆ ಪಕ್ಕದಲ್ಲಿ ಇಟ್ಟರು. ಚಕ್ಕಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ ಇಳಿಸಿದರು. ಆಮೇಲೆ ಸ್ವಿಚ್.

ಶಟರ್ ನಿಧಾನ ಮಾಡಿದೆ. ಚಕ್ಕು ಮಸುಕಾಗಿ ತಿರುಗುತ್ತಿತ್ತು, ಶಾಫ್ಟಿನ ಮೈ ಬೆಳ್ಳಗೆ ಹೊಳೆಯುತ್ತಿತ್ತು, ಉಳಿಯ ತುದಿಯಿಂದ ಸಣ್ಣ ಸುರುಳಿ ಏಳುತ್ತಿತ್ತು. ಎಡಗೈ ಕೆಳಗಿನ ದೊಡ್ಡ ಚಕ್ರದ ಮೇಲೆ, ಬಲಗೈ ಉಳಿಯನ್ನು ಒಳಕ್ಕೆ ಹೊರಕ್ಕೆ ಸರಿಸುವ ಹಿಡಿಯ ಮೇಲೆ. ಆ ಹಿಡಿಯನ್ನು ಹೆಬ್ಬೆರಳು ಮತ್ತು ಉಳಿದ ಎರಡು ಬೆರಳು ಹಿಡಿದಿದ್ದವು. ಎರಡು ಬೆರಳಿನ ಜಾಗ ಖಾಲಿ. ಚಾಚಾ ಕ್ಯಾಮೆರಾ ಕಡೆ ನೋಡಲೇ ಇಲ್ಲ, ಉಳಿಯ ತುದಿಯನ್ನೇ ನೋಡುತ್ತಿದ್ದರು. ನಗಿ ಅಂತ ನಾನೂ ಅನ್ನಲಿಲ್ಲ. ನನ್ನ ಜನ್ಮದಲ್ಲಿ ಅಂಥ ಫೋಟೋ ತೆಗೆದಿಲ್ಲ.

ನಗರದ ಆಕೆ ಅರ್ಧ ಗಂಟೆಯಲ್ಲಿ ಒಪ್ಪಿದಳು. "ಇದು ಸರಿ. ಇದರಲ್ಲಿ ತಿದ್ದೋದು ಏನೂ ಇಲ್ಲ," ಅಂದಳು. ಬೆರಳಿನ ವಿಷಯ ಅವಳಾಗಿ ಎತ್ತಲಿಲ್ಲ. ನಾನು ಎತ್ತಿದೆ. "ನೋಡಿದೆ. ಇರಲಿ ಮೇಡಂ," ಅಂದಳು. ನನಗೆ ಆ ಕತ್ತರಿ ಮಾತಿನವಳ ಮೇಲೆ ಆಗ ಪ್ರೀತಿಯೇ ಬಂತು.

ಬಾರದೆ ಇದ್ದದ್ದು ಮಾಲೀಕರ ಒಪ್ಪಿಗೆ. ಸ್ಟುಡಿಯೋಕ್ಕೇ ಬಂದು ಕೂತರು.

"ಅಕ್ಕಾರ, ಫೋಟೋ ಭಾರಿ ಬಂದೈತಿ. ಆ ಎರಡು ಬೆರಳು ಅಷ್ಟು ಕೂಡಿಸಿಬಿಡ್ರಿ."

"ಆಗೋದಿಲ್ಲ ಅಣ್ಣಾರ."

"ಯಾಕ ಆಗೋದಿಲ್ಲ? ಹಲ್ಲಿಲ್ಲದ ಮುದುಕಿಗೆ ಹಲ್ಲು ಕೂಡಿಸ್ತೀರಿ ನೀವು. ನಮ್ಮ ಮಗಳ ಮದುವ್ಯಾಗ ಅಳಿಯಂದು ಕಣ್ಣು ಮುಚ್ಚಿದ್ದು ತೆರೆಸಿ ಕೊಟ್ರಿ."

ಅದು ನಿಜ. ಕಣ್ಣಿಗೆ ಕಣ್ಣು ಕೂಡಿಸಿದವಳು ಬೆರಳಿಗೆ ಯಾಕೆ ಮೂಗು ಮುರಿಯುತ್ತಾಳೆ ಅಂತ ಅವರಿಗೆ ಅರ್ಥವಾಗುವಂತಿರಲಿಲ್ಲ. ನಗರದವರೇ ಒಪ್ಪಿದ್ದಾರೆ ಅಂದೆ. ಚಾಚಾ ಕೈ ಕಾಣಲಿ ಅಂತ ಬಾಯಿಬಿಟ್ಟು ಕೇಳಿದ್ದಾರೆ ಅಂದೆ. ಗ್ಲೌಸಿನ ಕಥೆ ಹೇಳಿದೆ. ಅವರು ಕಥೆಯನ್ನು ಪೂರ್ತಿ ಕೇಳಿದರು, ತಲೆಯಾಡಿಸಿದರು, ಪಾಪ ಅಂದರು. ಕಲ್ಲುಮನಸ್ಸಿನವರಲ್ಲ. ಚಾಚಾನ ಇಬ್ಬರು ಹೆಣ್ಣುಮಕ್ಕಳ ಮದುವೆಗೂ ನಿಂತು ಕೆಲಸ ಮಾಡಿಸಿದವರು. ಆದರೂ ಎದ್ದು ಹೋಗುವಾಗ ಅಂದರು, "ಕ್ಯಾಟಲಾಗಂದ್ರ ಮಷಿನ್ ಮಾರೋದಕ್ಕ ಇರೋದು ಅಕ್ಕಾರ. ಕಥಿ ಹೇಳೋದಕ್ಕಲ್ಲ."

ನಾನು ಗೆದ್ದೆ ಅಂದುಕೊಂಡೆ. ಅಂದುಕೊಂಡು ಹೂವಿನ ಹಡಗಲಿಯಲ್ಲಿ ಒಂದು ಮದುವೆ, ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಗೃಹಪ್ರವೇಶ ಅಂತ ಓಡಾಡುತ್ತಾ ಅದನ್ನು ಮರೆತೆ. ಅಚ್ಚಿಗೆ ಕಡೆಯ ಪ್ರತಿ ಕಳಿಸಬೇಕಾದದ್ದು ಮಾಲೀಕರ ಆಫೀಸಿನಿಂದ ಅನ್ನುವುದನ್ನೂ ಮರೆತೆ.

ಕ್ಯಾಟಲಾಗ್ ಬಂದ ದಿನ ಫೋನು ಮಾಡಿ ಕರೆದರು. ಹೋದಾಗ ಶೆಡ್ಡಿನಲ್ಲಿ ಪೇಡೆ ಹಂಚುತ್ತಿದ್ದರು. ನುಣುಪು ಕಾಗದ, ದಪ್ಪ ರಟ್ಟು. ಜೋಳದ ಮಷಿನ್ನಿಗೆ ಬೆಲ್ಟಿನ ಹಳದಿ ಮುಚ್ಚಳ ಸರಿಯಾಗಿ ಕೂತಿತ್ತು. ವೆಲ್ಡರ್ ಕಪ್ಪು ಕವಚದ ಹಿಂದೆ, ಚರ್ಮದ ಏಪ್ರನ್ನಿನಲ್ಲಿ, ಹೊಗೆ ಹೀರುವ ಫ್ಯಾನಿನ ಪಕ್ಕ. ಎಲ್ಲ ನಾನು ತೆಗೆದ ಹಾಗೇ. ನಡುವಿನ ಎರಡು ಪುಟ ತುಂಬ ಚಾಚಾ ಮತ್ತು ಲೇಥ್.

ಬಲಗೈಯಲ್ಲಿ ಐದು ಬೆರಳಿದ್ದವು.

"ಅಳಿಯ ಮಾಡಿದ ನೋಡ್ರಿ, ಫೋನಿನಾಗ," ಅಂದರು ಮಾಲೀಕರು, ಹೆಮ್ಮೆಯಿಂದ. "ಬೆರಳಿಲ್ಲದ ಜಾಗ ಗುರುತು ಮಾಡಿದ್ರಾತು, ಅದ ತಾನಾಗಿ ತುಂಬ್ತೈತಿ. ನಿಮಗೂ ತ್ರಾಸಿಲ್ಲ."

ಬಾಯಿ ತೆಗೆದಿದ್ದರೆ ಅಲ್ಲಿ ಪೇಡೆ ತಿನ್ನುತ್ತಿದ್ದವರ ಮುಂದೆ ಕೆಟ್ಟ ಮಾತೇ ಹೊರಡುತ್ತಿತ್ತು. ಚರ್ಮದ ಬಣ್ಣ ಸರಿ, ಉಗುರು ಸರಿ, ಮಡಿಕೆ ಸಹ ಸರಿ. ನಾನು ಮಾಡಿದ್ದರೂ ಅಷ್ಟು ಚೊಕ್ಕಟವಾಗಿ ಬರುತ್ತಿರಲಿಲ್ಲ. ಅದೇ ಇನ್ನೂ ಹೊಟ್ಟೆ ಉರಿಸಿತು.

ಚಾಚಾ ಕೈ ತೊಳೆದುಕೊಂಡು, ಒರೆಸಿಕೊಂಡು, ಓದುವ ಕನ್ನಡಕ ಹಾಕಿಕೊಂಡು ಬಂದರು. ನಾನು ಪುಟವನ್ನು ಮುಚ್ಚಬೇಕು ಅನ್ನುವಷ್ಟರಲ್ಲಿ ತೆಗೆದುಕೊಂಡರು. ಬೆಳಕಿನ ಕಡೆ ಹಿಡಿದು ಬಹಳ ಹೊತ್ತು ನೋಡಿದರು. ಮುಖ ನೋಡಿಕೊಂಡರು, ಬೂಟು ನೋಡಿದರು, ತೂಗುಹಾಕಿದ ಚಾವಿ ನೋಡಿದರು. ಕೈ ನೋಡಿದರು. ಸಿಟ್ಟಾಗುತ್ತಾರೆ ಅಂತ ಕಾದೆ. ಆಗಲಿ ಅಂತ ಬಯಸಿದೆ, ನನ್ನ ಪರವಾಗಿಯಾದರೂ ಯಾರಾದರೂ ಒಬ್ಬರು ಅಲ್ಲಿ ಕೂಗಾಡಬೇಕಿತ್ತು.

"ಮುಖ ಚಲೋ ಬಂದೈತಿ," ಅಂದರು.

"ಚಾಚಾ, ನಾ ಮಾಡಿದ್ದಲ್ಲ ಅದು. ಆ ಬೆರಳು ನಾ ಕೂಡಿಸಲಿಲ್ಲ."

"ಗೊತ್ತಾತು ಬೇಟಿ. ನೀನು ಅವತ್ತು ನಿಂತು ನೋಡೀದಿ. ನೀನಾಗಿದ್ರ ಹಿಂಗ ಇಡ್ತಿರಲಿಲ್ಲ." ಪುಟವನ್ನು ನನ್ನ ಕಡೆ ತಿರುಗಿಸಿ, ಕಿರುಬೆರಳಿನಿಂದ ತೋರಿಸಿದರು. "ಇಲ್ಲಿ ನೋಡು."

ನೋಡಿದೆ. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು, ಈ ಮೂರೂ ಹಿಡಿಯನ್ನು ಸುತ್ತಿ ಹಿಡಿದಿದ್ದವು. ಹೊಸ ಎರಡು ಬೆರಳು ಮಾತ್ರ ಹಿಡಿಯನ್ನು ಹಿಡಿದಿರಲಿಲ್ಲ. ಅವು ನೇರ ಮುಂದಕ್ಕೆ ಚಾಚಿಕೊಂಡು, ಉಳಿಯನ್ನು ದಾಟಿ, ತಿರುಗುತ್ತಿರುವ ಶಾಫ್ಟಿನ ಮೇಲೆ ಹಾಯಾಗಿ ಒರಗಿದ್ದವು.

ಚಾಚಾ ಕನ್ನಡಕ ತೆಗೆದು ಮಡಚಿದರು.

"ಇವೂ ಹೋಗ್ತಾವ," ಅಂದರು.